ಇನ್ನೂರು ಪುಟದ ಪಿಡಿಎಫ್‌ನಲ್ಲಿ ಮೇಷ್ಟ್ರ ಲ್ಯಾಬು ಹುಡುಕಿದಾಗ

ಹೋದ ಸಲ ಊರಿಗೆ ಹೋದಾಗ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಸಿಕ್ಕಿದ್ರು. "ಏನಮ್ಮಾ, ನಿಮ್ ಕಂಪ್ನೀಲಿ ಸಿಎಸ್‌ಆರ್ ಅಂತ ದುಡ್ಡು ಇಟ್ಟಿರ್ತಾರಂತಲ್ಲ? ನಮ್ ಲ್ಯಾಬಿಗೆ ಏನಾದ್ರೂ ಸಿಗುತ್ತಾ ನೋಡು" ಅಂದ್ರು. ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆ ಅದು. ನಾನು ಓದುವಾಗ ಇದ್ದ ಅದೇ ಬೀರು, ಅದೇ ಒಡೆದ ಬೀಕರುಗಳು. ನೋಡ್ತೀನಿ ಸಾರ್ ಅಂದೆ. ಆದರೆ ಎಂಟು ವರ್ಷದಿಂದ ಕೆಲಸ ಮಾಡುತ್ತಿರುವ ಕಂಪನಿ ಯಾವುದಕ್ಕೆ ದುಡ್ಡು ಕೊಡುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆಫೀಸ್ ಮೇಲ್‌ನಲ್ಲಿ ಬರುವ, ಸಸಿ ನೆಡುವ ಫೋಟೋಗಳಷ್ಟೇ.

ಹಾಗಾಗಿ ಒಂದು ಭಾನುವಾರ ಕಂಪನಿಯ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿಕೊಂಡೆ. ಲಿಸ್ಟ್ ಆದ ಕಂಪನಿಗಳದ್ದು ಅವುಗಳ ವೆಬ್‌ಸೈಟಿನ Investors ಪುಟದಲ್ಲೇ ಸಿಗುತ್ತದೆ. ಇನ್ನೂರು ಪುಟ ದಾಟಿದ ಪಿಡಿಎಫ್. ಮೊದಲ ಅರವತ್ತು ಪುಟ ನಗುವ ಮಕ್ಕಳ ಚಿತ್ರಗಳು. ಅದನ್ನು ದಾಟಿಸಿ ಸರ್ಚ್‌ನಲ್ಲಿ `Unspent` ಅಂತ ಹಾಕಿದೆ. ನೇರವಾಗಿ ಸಿಎಸ್‌ಆರ್ ಅನುಬಂಧಕ್ಕೆ ಹೋಯ್ತು. ಚಿತ್ರ ಇರುವ ಪುಟಗಳಿಗೆ ನಮೂನೆ ಇಲ್ಲ. ಈ ಅನುಬಂಧಕ್ಕೆ ಕಾನೂನು ಹೇಳಿದ ನಮೂನೆ ಇದೆ. ಓದಬೇಕಾದ್ದು ಇದನ್ನೇ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ ವರ್ಷ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ನಮ್ಮ ಕಂಪನಿಯ ನಿಜ ಅಂಕಿ ಇಲ್ಲಿ ಬೇಡ, ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ಹಾಕ್ತೀನಿ. ಮೂರು ವರ್ಷದ ಲಾಭ 80, 100, 120 ಕೋಟಿ ಅನ್ನಿ. ಸರಾಸರಿ 100 ಕೋಟಿ, ಅದರ ಶೇ 2 ಅಂದ್ರೆ 2 ಕೋಟಿ. ವರದಿಯ ಬೇರೆ ಪುಟದಲ್ಲಿರುವ ಲಾಭದಿಂದ ನೀವು ಲೆಕ್ಕ ಹಾಕಿದರೆ ಸ್ವಲ್ಪ ವ್ಯತ್ಯಾಸ ಬರಬಹುದು. ವಿದೇಶಿ ಶಾಖೆಗಳ ಲಾಭವನ್ನು ಈ ಲೆಕ್ಕದಿಂದ ಕಳೆಯುತ್ತಾರೆ, ಅದರಿಂದ ಗಾಬರಿ ಬೇಡ.

ಈಗ ಮುಖ್ಯ ಪ್ರಶ್ನೆ: 2 ಕೋಟಿಯಲ್ಲಿ ಈ ವರ್ಷ ನಿಜವಾಗಿ ಕೈಬಿಟ್ಟು ಹೋದದ್ದು ಎಷ್ಟು? ಚಿತ್ರದ ಪುಟದಲ್ಲಿ "ಶಿಕ್ಷಣಕ್ಕೆ 2 ಕೋಟಿ" ಅಂತ ಇರುತ್ತೆ. ಅನುಬಂಧದಲ್ಲಿ ನೋಡಿದರೆ ಖರ್ಚು 1.4 ಕೋಟಿ, ಉಳಿದ 60 ಲಕ್ಷ Unspent CSR Account ಅನ್ನುವ ಪ್ರತ್ಯೇಕ ಬ್ಯಾಂಕ್ ಖಾತೆಗೆ. ಇದೇನು ಮೋಸ ಅಲ್ಲ. ಹಲವು ವರ್ಷ ನಡೆಯುವ ಯೋಜನೆಯ ಹಣವಾದರೆ ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಆ ಖಾತೆಗೆ ಹಾಕಿ, ಮೂರು ವರ್ಷದಲ್ಲಿ ಖರ್ಚು ಮಾಡಬಹುದು. ಹಾಗಾಗಿ ಒಂದೇ ವರ್ಷ ನೋಡಿದರೆ ಏನೂ ತಿಳಿಯಲ್ಲ. ಅದರ ಕೆಳಗೇ ಹಿಂದಿನ ಮೂರು ವರ್ಷದ ಉಳಿಕೆಯ ಟೇಬಲ್ ಇರುತ್ತೆ. ಹಳೇ ಉಳಿಕೆ ಕರಗುತ್ತಾ ಬಂದಿದೆಯಾ, ಇಲ್ಲ ಪ್ರತಿ ವರ್ಷ ಹೊಸದು ಸೇರ್ತಾ ಬೆಳೀತಾ ಇದೆಯಾ ನೋಡಿ. ಬೆಳೀತಾ ಇದ್ರೆ ಯೋಜನೆ ಕಾಗದದ ಮೇಲೆ ಇದೆ, ನೆಲದ ಮೇಲೆ ನಿಧಾನ ಅಂತ ಅರ್ಥ.

ಎಲ್ಲಿ, ಯಾವುದಕ್ಕೆ ಅನ್ನೋದು ಮುಂದಿನ ಹೆಜ್ಜೆ. 2022ರ ತಿದ್ದುಪಡಿಯ ನಂತರ ಈ ಅನುಬಂಧದಲ್ಲಿ ಯೋಜನೆವಾರು ಪಟ್ಟಿ ಕಡ್ಡಾಯ ಅಲ್ಲ. ಆದರೆ ಮಂಡಳಿ ಒಪ್ಪಿದ ಯೋಜನೆಗಳನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. `csr.gov.in` ನಲ್ಲೂ ಕಂಪನಿ ಹೆಸರಿನಿಂದ ಹುಡುಕಬಹುದು. ನಮ್ಮ ಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ. ಚಿತ್ರದುರ್ಗ ಇಲ್ಲವೇ ಇಲ್ಲ. ತಾನು ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡು ಅಂತ ಕಾಯ್ದೆಯೇ ಹೇಳುತ್ತೆ. ಆಫೀಸು ಎಲ್ಲಿದೆಯೋ ದುಡ್ಡು ಅಲ್ಲೇ ಸೇರೋದಕ್ಕೆ ಇದೂ ಒಂದು ಕಾರಣ.

ಮೇಷ್ಟ್ರ ವಿಷಯ ಅಲ್ಲಿಗೆ ನಿಲ್ಲಿಸಿ ಅದೇ ಪಿಡಿಎಫ್‌ನಲ್ಲಿ `Scope 1` ಅಂತ ಹುಡುಕಿದೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನುವ ವರದಿಯನ್ನೂ ಕಡ್ಡಾಯವಾಗಿ ಕೊಡಬೇಕು, ಇದು ಸೆಬಿ ನಿಯಮ. ಅದರ ಆರನೇ ತತ್ವದಲ್ಲಿ ಕರೆಂಟು, ನೀರು, ಕಸ, ಇಂಗಾಲದ ಅಂಕಿಗಳಿವೆ. ಸ್ಕೋಪ್ 1 ಅಂದ್ರೆ ಕಂಪನಿ ತಾನೇ ಸುಡುವುದು, ನಮ್ಮಂಥ ಕಡೆ ಜನರೇಟರ್ ಡೀಸೆಲ್, ಏಸಿಯಿಂದ ಸೋರುವ ಅನಿಲ. ಸ್ಕೋಪ್ 2 ಕೊಂಡ ಕರೆಂಟು. ಸ್ಕೋಪ್ 3 ನಮ್ಮ ಆಫೀಸ್ ಕ್ಯಾಬು, ಕ್ಲೈಂಟ್ ಹತ್ತಿರ ಹಾರೋ ವಿಮಾನ, ಕೊಂಡ ಲ್ಯಾಪ್‌ಟಾಪು ಇತ್ಯಾದಿ. ಮೊದಲ ಎರಡು ಎಸೆನ್ಷಿಯಲ್ ಭಾಗದಲ್ಲಿ, ಮೂರನೆಯದು ಐಚ್ಛಿಕವಾದ ಲೀಡರ್‌ಶಿಪ್ ಭಾಗದಲ್ಲಿ. ಸಾಫ್ಟ್‌ವೇರ್ ಕಂಪನಿ ಮೂರನೆಯದನ್ನು ಖಾಲಿ ಬಿಟ್ಟಿದ್ದರೆ ಕಥೆಯ ದೊಡ್ಡ ಭಾಗವೇ ಕಾಣಿಸಿಲ್ಲ ಅಂತ ತಿಳ್ಕೊಳ್ಳಿ.

ಇಲ್ಲೂ ಒಂದು ಗುಂಡಿ ಇದೆ. "ನಮ್ಮ ಹೊರಸೂಸುವಿಕೆಯ ತೀವ್ರತೆ ಶೇ 12 ಇಳಿದಿದೆ" ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ತೀವ್ರತೆ ಅಂದ್ರೆ ಒಟ್ಟು ಇಂಗಾಲವನ್ನು ವಹಿವಾಟಿನ ರೂಪಾಯಿಯಿಂದ ಭಾಗಿಸಿದ್ದು. ಟೇಬಲ್‌ನಲ್ಲಿ ಅದು 0.000001 ಥರ ಇರುತ್ತೆ, ಕಣ್ಣಿಗೆ ಏನೂ ಹೇಳಲ್ಲ. ಒಂದು ಕೋಟಿಯಿಂದ ಗುಣಿಸಿ. ಮತ್ತೆ ದುಂಡು ಅಂಕಿಯಲ್ಲೇ ನೋಡೋಣ. ಹೋದ ವರ್ಷ 1000 ಕೋಟಿ ವಹಿವಾಟಿಗೆ 10,000 ಟನ್, ಅಂದ್ರೆ ಕೋಟಿಗೆ 10 ಟನ್. ಈ ವರ್ಷ 1250 ಕೋಟಿಗೆ 11,000 ಟನ್, ಅಂದ್ರೆ ಕೋಟಿಗೆ 8.8. ತೀವ್ರತೆ ಶೇ 12 ಇಳಿಯಿತು, ಸುಳ್ಳಲ್ಲ. ಆದರೆ ಗಾಳಿಗೆ ಹೋದ ಇಂಗಾಲ ಶೇ 10 ಏರಿದೆ. ಅದೂ ಅಲ್ಲದೆ ಡಾಲರಿನಲ್ಲಿ ದುಡಿಯುವ ನಮ್ಮಂಥ ಕಂಪನಿಗೆ ರೂಪಾಯಿ ಬಿದ್ದರೆ ವಹಿವಾಟು ತಾನಾಗೇ ಏರುತ್ತೆ. ಒಂದು ಬಲ್ಬು ಆರಿಸದೆಯೂ ತೀವ್ರತೆ ಇಳಿಯುತ್ತೆ! ಅದಕ್ಕೇ ಎರಡು ಸಾಲನ್ನೂ ಓದಬೇಕು.

ನಮ್ಮ ವರದಿಯಲ್ಲಿ ಇನ್ನೊಂದು ಜಾಗದಲ್ಲಿ ಎಡವಿದೆ. "2020-21ಕ್ಕೆ ಹೋಲಿಸಿದರೆ" ಅಂತ ಒಂದು ಗ್ರಾಫ್ ಇತ್ತು. ಆ ವರ್ಷ ನಾವೆಲ್ಲ ಮನೆಯಿಂದ ಕೆಲಸ ಮಾಡ್ತಿದ್ದೆವು, ಆಫೀಸಿನ ಏಸಿ ಅರ್ಧಕ್ಕರ್ಧ ಬಂದ್. ಆ ವರ್ಷವನ್ನು ಆಧಾರ ಮಾಡಿಕೊಂಡರೆ ಮುಂದಿನದೆಲ್ಲ ಏರಿಕೆಯಾಗಿಯೇ ಕಾಣುತ್ತೆ. ಹಾಗೇ ಮನೆಯಲ್ಲಿ ಉರಿದ ಕರೆಂಟು ಸ್ಕೋಪ್ 2ರಲ್ಲಿ ಬರಲ್ಲ, ನಮ್ಮ ಬೆಸ್ಕಾಂ ಬಿಲ್ಲಿಗೆ ಬಂತು. ಯಾವ ವರ್ಷಕ್ಕೆ ಹೋಲಿಸಿದ್ದಾರೆ, ಕಂಪನಿ ಒಂದರದ್ದೋ ಅಂಗಸಂಸ್ಥೆಗಳೂ ಸೇರಿವೆಯೋ ಅನ್ನೋದನ್ನು ಮೊದಲೇ ನೋಡಿಕೊಳ್ಳಿ. ಪ್ರತಿ ಟೇಬಲ್ ಕೆಳಗೆ ಹೊರಗಿನ ಸಂಸ್ಥೆ ಪರಿಶೀಲಿಸಿದೆಯಾ ಅನ್ನೋ Y/N ಸಾಲೂ ಇರುತ್ತೆ. N ಇದ್ರೆ ಅದು ಕಂಪನಿಯೇ ಹೇಳಿಕೊಂಡ ಲೆಕ್ಕ ಅಷ್ಟೇ.

ನಿಮ್ಮದು ಲಿಸ್ಟ್ ಆಗದ ಪ್ರೈವೇಟ್ ಲಿಮಿಟೆಡ್ ಆದರೆ ಸೆಬಿಯ ಈ ನಿಯಮ ಅನ್ವಯಿಸಲ್ಲ. ಸಿಎಸ್‌ಆರ್ ಮಾತ್ರ ಮಿತಿ ಮುಟ್ಟಿದರೆ ಅವರಿಗೂ ಇದೆ.

ಮೇಷ್ಟ್ರಿಗೆ ಫೋನ್ ಮಾಡಿದೆ. "ಸಾರ್, ನಮ್ ಕಂಪ್ನಿ ಪಟ್ಟೀಲಿ ನಮ್ ಜಿಲ್ಲೆ ಇಲ್ಲ. ಶಿಕ್ಷಣ ಅಂತ ಮಾತ್ರ ಇದೆ" ಅಂದೆ. ಕಂಪನಿ ತಾನೇ ಮಾಡಬಹುದು, ಇಲ್ಲ ಸಿಎಸ್‌ಆರ್-1ರಲ್ಲಿ ನೋಂದಾಯಿಸಿದ ಟ್ರಸ್ಟು, ಸೊಸೈಟಿ ಮೂಲಕ ಮಾಡಿಸಬಹುದು, ಹಾಗಾಗಿ ಅಂಥ ಸಂಸ್ಥೆ ಜೊತೆ ಅರ್ಜಿ ಹಾಕೋದು ಒಳ್ಳೇದು ಅಂತ ವಿವರಿಸಿದೆ. ಸಮಿತಿ ಮುಂದಿನ ವರ್ಷದ ಯೋಜನೆ ಮಾಡೋ ಮೊದಲೇ, ಮಾರ್ಚ್ ಒಳಗೆ ಕಳಿಸೋಣ ಅಂದೆ. "ಆಯ್ತಮ್ಮಾ, ಎಷ್ಟು ಬೇಕು ಅಂತ ಬರೀಲಿ?" ಅಂದ್ರು. ಬೀಕರುಗಳಿಂದ ಶುರುಮಾಡಿ ಸಾರ್, ಪಟ್ಟಿ ನಾನೇ ಟೈಪ್ ಮಾಡ್ತೀನಿ ಅಂದೆ. ಸಿಗುತ್ತೋ ಇಲ್ಲವೋ ಮುಂದಿನ ವರ್ಷದ ಅದೇ ಅನುಬಂಧದಲ್ಲಿ ನೋಡಬೇಕು.