ಮೊದಲ ಮಾತು ಯಾವ ಭಾಷೆಯಲ್ಲಿ?

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ. ದತ್ತಾತ್ರೇಯನ ದರ್ಶನಕ್ಕೆ ಮಹಾರಾಷ್ಟ್ರದಿಂದಲೂ ಜನ ಬರ್ತಾರೆ. ಹೂ-ಕಾಯಿ ಅಂಗಡಿ ಮುಂದೆ ಗುರುತಿಲ್ಲದವರು ಬಂದು ನಿಂತರು ಅನ್ನಿ. ಮೊದಲ ಮಾತು ಕನ್ನಡವೋ, ಮರಾಠಿಯೋ, ದಖ್ಖನಿಯೋ?

"ಕಾಕಾ, ಬರ್ರಿ. ಕಾಯಿ ಬೇಕೇನ್ರಿ?" ಅಂತ ಶುರು ಮಾಡೋದು ಒಳ್ಳೇದು. ಕಾಕಾ ಅಂದರೆ ಮರಾಠಿಯವರಿಗೂ ಮನೆಯ ಕರೆ. "ನಾರಳ ಕಿತೀಲಾ?" ಅಂತ ಉತ್ತರ ಬಂದರೆ, ಎರಡನೇ ವಾಕ್ಯ ಮರಾಠಿಗೆ ಹೊರಳಲಿ. "ಎಷ್ಟ್ರಿ?" ಅಂದರೆ ಕನ್ನಡದಲ್ಲೇ ವ್ಯಾಪಾರ.

ತಪ್ಪೋದು ವೇಷ ನೋಡಿ ಊಹಿಸಿದಾಗ. ಆಳಂದದಲ್ಲಿ ಟೋಪಿ ಹಾಕಿದ ಹಿರಿಯರನ್ನು ಕಂಡ ಕೂಡಲೇ ಹಿಂದಿಯಲ್ಲಿ ಮಾತಾಡಿಸುವವರಿದ್ದಾರೆ. ಮನೆಯಲ್ಲಿ ದಖ್ಖನಿ ಆಡುವ ಅವರು ಸಂತೆಯಲ್ಲಿ ಕನ್ನಡ ಆಡುತ್ತಲೇ ಬೆಳೆದಿರಬಹುದು. ಅವರ ಊರಲ್ಲೇ ಅವರನ್ನು ಹೊರಗಿನವರಾಗಿಸಿದಂತೆ ಅದು, ನೋವಾಗುತ್ತದೆ. ನೀವು ಹಿಂದಿಯಲ್ಲಿ ಕೇಳಿದ್ದಕ್ಕೆ ಅವರು ಕನ್ನಡದಲ್ಲಿ ಉತ್ತರಿಸಿದರೆ, ಊಹೆ ತಪ್ಪಿದೆ ಎಂದೇ ಅರ್ಥ. ಆಗಲೇ ಕನ್ನಡಕ್ಕೆ ಬನ್ನಿ.

ನಿಜಾಮರ ಕಾಲದಲ್ಲಿ ಈ ಕಲಬುರಗಿ ಸೀಮೆಯ ಕಚೇರಿ ಭಾಷೆ ಉರ್ದು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಉರ್ದು, ಕನ್ನಡ ಎರಡೂ ಬಲ್ಲವರು ಇಂದಿಗೂ ಬೇಕಾದಷ್ಟಿದ್ದಾರೆ.

ಜೇವರ್ಗಿ ಬಸ್ ನಿಲ್ದಾಣದಲ್ಲಿ ಇಳಿದಾಗ "ಅಣ್ಣಾರ, ಕಲಬುರಗಿ ಬಸ್ ಎಲ್ಲಿ ನಿಲ್ತದ್ರಿ?" ಅಂತ ಕನ್ನಡದಲ್ಲೇ ಕೇಳಿ. ಆಮೇಲೆ ಉತ್ತರ ಬಂದ ಭಾಷೆಯಲ್ಲಿ, ಬರುವಷ್ಟು ಮಾತಾಡಿ.