ಮನೆಮಂದಿಗೆಲ್ಲ ಒಂದೇ ರಾತ್ರಿ ಮುಲಾಮು

ಹಗಲೆಲ್ಲ ಆಡಿಕೊಂಡಿದ್ದ ಮಗು ರಾತ್ರಿ ಹಾಸಿಗೆ ಸೇರಿದೊಡನೆ ಕೈ ಕೆರೆದುಕೊಳ್ಳುತ್ತದೆ. ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆಗಳು, ಪಕ್ಕದಲ್ಲಿ ಕೂದಲೆಳೆಯಂಥ ಸೊಟ್ಟ ಗೆರೆ. ಅದು ಚರ್ಮದ ಮೇಲ್ಪದರ ಕೊರೆದು ಮೊಟ್ಟೆಯಿಡುವ ಕಜ್ಜಿ ಹುಳುವಿನ ಸುರಂಗ.

ಮಗುವಿಗಷ್ಟೇ ಮುಲಾಮು ಹಚ್ಚಿದರೆ ಕಜ್ಜಿ ಮರಳಿ ಬರಬಹುದು. ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಜೊತೆಗೆ ಮಲಗುವ ಅಮ್ಮ, ಅಜ್ಜಿಗೆ ತುರಿಕೆಯಿಲ್ಲದಿದ್ದರೂ ಅದು ಆಗಲೇ ದಾಟಿರಬಹುದು.

ಆದ್ದರಿಂದ ವೈದ್ಯರು ಬರೆದುಕೊಟ್ಟ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಕತ್ತಿನಿಂದ ಪಾದದವರೆಗೆ, ಉಗುರಿನಡಿಗೂ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಬೇಕು. ವಾರದ ನಂತರ ಮತ್ತೊಮ್ಮೆ. ಹಸುಗೂಸಿಗೆ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಹುಳು ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯುವುದುಂಟು. ಹೊಸ ಗುಳ್ಳೆ ಏಳುತ್ತಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ.