ಐಸ್ ಗುಂಡು ಕರಗಲು ಎಷ್ಟು ಹೊತ್ತು?

ಹತ್ತು ಲೀಟರಿನ ಬಕೆಟ್ಟಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ನೀರಿದೆ. ಅಲುಗಾಟವಿಲ್ಲದೆ ತಣ್ಣಗೆ ನಿಂತಿದೆ. ಅದರೊಳಗೆ ನಿಂಬೆಹಣ್ಣಿನ ಗಾತ್ರದ, ಅಂದರೆ 5 ಸೆಂಟಿಮೀಟರ್ ವ್ಯಾಸದ ಐಸ್ ಗುಂಡೊಂದನ್ನು ತೆಳ್ಳನೆಯ ಕಡ್ಡಿಗೆ ಸಿಕ್ಕಿಸಿ ಪೂರ್ತಿ ಮುಳುಗಿಸಿ ಹಿಡಿದರೆ ಅದು ಎಷ್ಟು ಹೊತ್ತಿನಲ್ಲಿ ಕರಗೀತು? ಒಂದೇ ಗುಂಡು, ಒಂದೇ ನೀರು. ಆದರೂ ಲೆಕ್ಕ ಹಾಕುವ ರೀತಿಯನ್ನು ಅವಲಂಬಿಸಿ ಉತ್ತರ ಹದಿಮೂರು ನಿಮಿಷವೂ ಬರುತ್ತದೆ, ಎರಡೂಕಾಲು ಗಂಟೆಯೂ ಬರುತ್ತದೆ.

ಗುಂಡಿನ ತೂಕ ಸುಮಾರು 60 ಗ್ರಾಂ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಐಸ್ ಸೊನ್ನೆ ಡಿಗ್ರಿಯ ನೀರಾಗಬೇಕಾದರೆ 334 ಜೂಲ್ ಶಾಖ ಬೇಕು. ಅಷ್ಟೇ ಶಾಖದಿಂದ ಅದೇ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಥರ್ಮಾಮೀಟರಿಗೆ ಕಾಣದೆ ಒಳಗೇ ಅಡಗುವ ಈ ಶಾಖವೇ ಗುಪ್ತೋಷ್ಣ. ಇದನ್ನು ಮೊದಲು ಅಳೆದವನು ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ, ಗ್ಲಾಸ್ಗೋದಲ್ಲಿ. ಆತ ಒಂದೇ ಬಗೆಯ ಎರಡು ಗಾಜಿನ ಬುರುಡೆಗಳನ್ನು ತಣ್ಣನೆಯ ಹಜಾರದಲ್ಲಿಟ್ಟ. ಒಂದರಲ್ಲಿ ಐಸ್, ಇನ್ನೊಂದರಲ್ಲಿ ಐಸಿನಷ್ಟೇ ತಣ್ಣಗಿನ ನೀರು. ನೀರು ಏಳು ಫ್ಯಾರನ್‌ಹೀಟ್ ಡಿಗ್ರಿ ಏರಲು ಅರ್ಧ ಗಂಟೆ ಸಾಕಾಯಿತು. ಐಸ್ ಕರಗಿ ಅದೇ ಮಟ್ಟಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಈ ಎರಡು ಸಮಯಗಳ ಹೋಲಿಕೆಯಿಂದಲೇ ಆತ ಗುಪ್ತೋಷ್ಣವನ್ನು ಇಂದಿನ ಬೆಲೆಗೆ ತೀರಾ ಹತ್ತಿರವಾಗಿ ಕಂಡುಕೊಂಡ.

ಹಾಗಾದರೆ ನಮ್ಮ ಗುಂಡಿಗೆ ಬೇಕಾದದ್ದು ಸುಮಾರು 20 ಕಿಲೋಜೂಲ್. ಅದನ್ನು ಸುತ್ತಲಿನ ನೀರು ಕೊಡಬೇಕು. ಎಷ್ಟು ಬೇಗ ಕೊಡುತ್ತದೆ ಎಂಬುದನ್ನು ಹೇಳುವ ಸಂಖ್ಯೆಯೇ ಸಂವಹನ ಗುಣಾಂಕ. ನೀರು ಐಸಿಗಿಂತ ಒಂದು ಡಿಗ್ರಿ ಬೆಚ್ಚಗಿದ್ದರೆ, ಒಂದು ಚದರ ಮೀಟರ್ ಮೇಲ್ಮೈಗೆ ಒಂದು ಸೆಕೆಂಡಿನಲ್ಲಿ ಎಷ್ಟು ಜೂಲ್ ಸೇರುತ್ತದೆ ಎಂಬ ಲೆಕ್ಕ ಅದು. ಗುಂಡು ಸಣ್ಣದಾದಂತೆ ಶಾಖ ಹೀರುವ ಮೇಲ್ಮೈಯೂ ಕಡಿಮೆಯಾಗುತ್ತದೆ, ಕರಗಬೇಕಾದ ಪದರದ ವಿಸ್ತಾರವೂ ಅಷ್ಟೇ ಕಡಿಮೆಯಾಗುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುವುದರಿಂದ ಸೂತ್ರ ಸರಳವಾಗಿ ಉಳಿಯುತ್ತದೆ:

t = ρLR / (hΔT)

ಇಲ್ಲಿ ρ ಐಸಿನ ಸಾಂದ್ರತೆ, ಘನ ಮೀಟರಿಗೆ 917 ಕಿಲೋಗ್ರಾಂ. L ಗುಪ್ತೋಷ್ಣ, R ಮೊದಲಿನ ತ್ರಿಜ್ಯ, h ಸಂವಹನ ಗುಣಾಂಕ, ΔT ನೀರಿಗೂ ಐಸಿಗೂ ಇರುವ ಉಷ್ಣತೆಯ ಅಂತರ. h ಬದಲಾಗದಿದ್ದರೆ ತ್ರಿಜ್ಯ ಒಂದೇ ವೇಗದಲ್ಲಿ ಸವೆಯುತ್ತದೆ. ಅರ್ಧ ಸಮಯ ಕಳೆದಾಗ ತ್ರಿಜ್ಯ ಅರ್ಧವಾಗಿರುತ್ತದೆ, ಆದರೆ ಉಳಿದ ಐಸ್ ಎಂಟನೇ ಒಂದು ಪಾಲು ಮಾತ್ರ.

ತೊಡಕೆಲ್ಲ ಇರುವುದು h ಒಂದರಲ್ಲೇ. ನೀರು ನಿಂತಿದೆ, ಆದ್ದರಿಂದ ಶಾಖ ಬರೀ ವಹನದಿಂದ ಒಂದು ಪದರದಿಂದ ಇನ್ನೊಂದಕ್ಕೆ ದಾಟುತ್ತದೆ ಎಂದುಕೊಂಡು ಲೆಕ್ಕ ಹಾಕಿದರೆ ಆರಂಭದಲ್ಲಿ h ಕೇವಲ 23 ಬರುತ್ತದೆ. ಗುಂಡು ಕಿರಿದಾದಂತೆ ಅದು ಏರುವುದನ್ನೂ ಸೇರಿಸಿಕೊಂಡರೆ ಸಿಗುವ ಉತ್ತರವೇ ಆ ಎರಡೂಕಾಲು ಗಂಟೆ. ಆದರೆ ‘ನಿಂತ ನೀರು’ ಐಸ್ ಒಳಗೆ ಇಳಿದ ಕ್ಷಣದಿಂದ ನಿಂತ ನೀರಾಗಿ ಉಳಿಯುವುದಿಲ್ಲ. ಗುಂಡಿನ ಪಕ್ಕದ ನೀರು ತಣ್ಣಗಾಗಿ ಭಾರವಾಗುತ್ತದೆ, ಗುಂಡಿನ ಮೈಗುಂಟ ಜಾರಿ ಕೆಳಗಿಳಿಯುತ್ತದೆ. ಆ ಜಾಗಕ್ಕೆ ಬೆಚ್ಚನೆಯ ಹೊಸ ನೀರು ಬರುತ್ತದೆ. ಗುಂಡನ್ನು ಬಣ್ಣದ ನೀರಿನಲ್ಲಿ ಹೆಪ್ಪುಗಟ್ಟಿಸಿದ್ದರೆ ಇದು ಕಣ್ಣಿಗೇ ಕಾಣುತ್ತದೆ: ಗುಂಡಿನ ತಳದಿಂದ ಬಣ್ಣದ ತೆಳು ಎಳೆಯೊಂದು ಬಕೆಟ್ಟಿನ ತಳದತ್ತ ನೇರವಾಗಿ ಇಳಿಯುತ್ತಿರುತ್ತದೆ.

ಇದು ನೈಸರ್ಗಿಕ ಸಂವಹನ. ಗೋಳಗಳಿಗೆಂದು ಎಂಜಿನಿಯರುಗಳು ಬಳಸುವ ಪ್ರಯೋಗಾಧಾರಿತ ಸೂತ್ರಕ್ಕೆ ಈ ಗುಂಡಿನ ಅಳತೆಗಳನ್ನು ಕೊಟ್ಟರೆ h 390ರ ಆಸುಪಾಸು ಬರುತ್ತದೆ, ಬರೀ ವಹನದ ಹದಿನೇಳು ಪಟ್ಟು. ಅದನ್ನು ಮೇಲಿನ ಸೂತ್ರಕ್ಕೆ ಹಾಕಿದರೆ ಹದಿನಾರು ನಿಮಿಷ. ಗುಂಡು ಚಿಕ್ಕದಾದಂತೆ h ನಿಧಾನವಾಗಿ ಏರುತ್ತದೆ, ಅದರಿಂದ ಸಮಯ ಐದನೇ ಒಂದು ಭಾಗದಷ್ಟು ಕುಗ್ಗಿ ಹದಿಮೂರು ನಿಮಿಷಕ್ಕೆ ಬಂದು ನಿಲ್ಲುತ್ತದೆ. ಈ ಹದಿಮೂರನ್ನೂ ನಿಮಿಷ ತಪ್ಪದ ಮಾತೆಂದು ನಂಬಬಾರದು. ಇಂಥ ಸೂತ್ರಗಳಲ್ಲಿ ಹತ್ತಿಪ್ಪತ್ತು ಪ್ರತಿಶತ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅಲ್ಲದೆ ಗುಂಡು ಗುಂಡಾಗಿಯೇ ಉಳಿಯುವುದೂ ಇಲ್ಲ. ಬೆಚ್ಚನೆಯ ನೀರು ಮೊದಲು ತಾಗುವುದು ನೆತ್ತಿಗೆ, ಆದ್ದರಿಂದ ಮೇಲ್ಭಾಗ ಬೇಗ ಸವೆದು ಚೂಪಾಗತೊಡಗುತ್ತದೆ.

ಇನ್ನು ನೀರು 20ರ ಬದಲು 5 ಡಿಗ್ರಿಯಲ್ಲಿದ್ದರೆ? ಅಂತರ ನಾಲ್ಕನೇ ಒಂದು ಪಾಲಾಯಿತು, ಸಮಯ ನಾಲ್ಕು ಪಟ್ಟಾಗಿ ಐವತ್ತು ನಿಮಿಷದ ಹತ್ತಿರ ಬರಬೇಕು ಎನಿಸುತ್ತದೆ. ಆದರೆ ಸ್ಥೂಲವಾಗಿ ಲೆಕ್ಕ ಹಾಕಿದರೂ ಅದು ಒಂದೂವರೆ ಗಂಟೆಯನ್ನು ದಾಟುತ್ತದೆ. ಕಾರಣ ನೀರಿನ ಹಳೆಯ ವಕ್ರಬುದ್ಧಿ: ಅದು ಅತಿ ಭಾರವಾಗುವುದು ಸೊನ್ನೆಯಲ್ಲಲ್ಲ, 4 ಡಿಗ್ರಿಯಲ್ಲಿ. 5 ಡಿಗ್ರಿಯ ನೀರಿನಲ್ಲಿ ಐಸಿಗೆ ಅಂಟಿಕೊಂಡ ಸೊನ್ನೆ ಡಿಗ್ರಿಯ ನೀರು ಹಗುರ, ಅದು ಮೇಲೇಳಲು ನೋಡುತ್ತದೆ. ಅದರಾಚೆಗಿನ 4 ಡಿಗ್ರಿಯ ಪದರ ಭಾರ, ಅದು ಕೆಳಗೆ ಎಳೆಯುತ್ತದೆ. ಎರಡು ಹರಿವುಗಳು ಎದುರುಬದುರಾಗಿ ಒಂದರ ಕಾಲನ್ನು ಇನ್ನೊಂದು ಎಳೆಯುವುದರಿಂದ ಶಾಖದ ಸಾಗಣೆ ಸೊರಗುತ್ತದೆ. 1953ರಲ್ಲಿ ಡ್ಯುಮೋರೆ, ಮೆರ್ಕ್ ಮತ್ತು ಪ್ರಿನ್ಸ್, ಆಮೇಲೆ 1970ರಲ್ಲಿ ವೇನಿಯರ್ ಮತ್ತು ಟಿಯೆನ್ ಐಸ್ ಗೋಳಗಳನ್ನೇ ನೀರಿನಲ್ಲಿ ಕರಗಿಸಿ ನೋಡಿದರು. ಶಾಖ ಸಾಗಣೆ ಅತಿ ಮಂದವಾಗುವುದು 5 ಡಿಗ್ರಿಯ ಆಸುಪಾಸಿನಲ್ಲೇ ಎಂದು ಕಂಡಿತು. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ ಐಸಿನ ಕಂಬಗಳನ್ನಿಟ್ಟು ಇದರ ಗುರುತನ್ನು ಆಕಾರದಲ್ಲೇ ತೋರಿಸಿತು: 5 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಐಸ್ ಕೆಳಮುಖವಾಗಿ ಚೂಪಾಯಿತು, 7ಕ್ಕಿಂತ ಬೆಚ್ಚಗಿದ್ದಾಗ ಮೇಲ್ಮುಖವಾಗಿ. ನಡುವೆ ಮೈತುಂಬ ಅಲೆಯಲೆಯಾದ ಕುಳಿಗಳು ಮೂಡಿದವು.

ಪಾತ್ರೆಯ ಗಾತ್ರವನ್ನೂ ಮರೆಯುವಂತಿಲ್ಲ. ಹತ್ತು ಲೀಟರ್ ನೀರು ಗುಂಡನ್ನು ಪೂರ್ತಿ ಕರಗಿಸಿಯೂ ಬರೀ ಅರ್ಧ ಡಿಗ್ರಿಯಷ್ಟು ತಣಿಯುತ್ತದೆ, ΔT ಸ್ಥಿರವೆಂದರೆ ತಪ್ಪಿಲ್ಲ. ಅದೇ ಗುಂಡನ್ನು 200 ಮಿಲಿಲೀಟರ್ ನೀರಿನ ಲೋಟಕ್ಕೆ ಹಾಕಿದರೆ ಸೂತ್ರ ಸೋಲುತ್ತದೆ. ಆ ನೀರು ಸೊನ್ನೆಗೆ ಇಳಿಯುವಷ್ಟರಲ್ಲಿ ಬಿಟ್ಟುಕೊಡುವುದು ಹದಿನೇಳು ಕಿಲೋಜೂಲಿಗೂ ಕಡಿಮೆ. ಹತ್ತು ಗ್ರಾಂ ಐಸ್ ಉಳಿದುಬಿಡುತ್ತದೆ, ಅದನ್ನು ಕೋಣೆಯ ಗಾಳಿಯೇ ನಿಧಾನವಾಗಿ ಕರಗಿಸಬೇಕು.

ಲೆಕ್ಕವನ್ನು ತಿರುವಿ ಹಾಕಿದರೆ h ಅನ್ನು ಮನೆಯಲ್ಲೇ ಅಳೆಯಬಹುದು. ಫ್ರೀಜರಿನಿಂದ ತೆಗೆದ ಗುಂಡು ಮೈನಸ್ 18 ಡಿಗ್ರಿಯಲ್ಲಿರುತ್ತದೆ. ಮೈಯೆಲ್ಲ ಒದ್ದೆಯಾಗಿ ಮಿನುಗಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ಒಳಗಿನವರೆಗೂ ಸೊನ್ನೆಗೆ ಬರಲು ಅವಕಾಶ ಕೊಡಬೇಕು. ಬಟ್ಟೆಯಲ್ಲಿ ಒರೆಸಿ, ತೂಗಿ, ಐದು ನಿಮಿಷ ಮುಳುಗಿಸಿ, ಮತ್ತೆ ಒರೆಸಿ ತೂಗಬೇಕು. 60 ಗ್ರಾಂ ಇದ್ದದ್ದು 20 ಗ್ರಾಂ ಆಯಿತು ಎಂದುಕೊಳ್ಳೋಣ. ತೂಕ ಮೂರನೇ ಒಂದಾದರೆ ತ್ರಿಜ್ಯ 25ರಿಂದ 17.3 ಮಿಲಿಮೀಟರಿಗೆ ಇಳಿದಿರುತ್ತದೆ. 300 ಸೆಕೆಂಡಿನಲ್ಲಿ 7.7 ಮಿಲಿಮೀಟರ್ ಸವೆತವೆಂದರೆ h ಸುಮಾರು 390. ಬಂದ ಉತ್ತರ 700, 800 ಎಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಕೆಟ್ಟಿನ ನೀರನ್ನೇ. ನಲ್ಲಿಯಿಂದ ಹಿಡಿದ ನೀರು ಮೇಲೆ ನಿಶ್ಚಲವಾಗಿ ಕಂಡರೂ ಒಳಗೆ ಬಹಳ ಹೊತ್ತು ಸುತ್ತುತ್ತಲೇ ಇರುತ್ತದೆ, ಅದನ್ನು ಅರ್ಧ ಗಂಟೆಯಾದರೂ ಮುಟ್ಟದೆ ಬಿಟ್ಟು ಮತ್ತೆ ಅಳೆಯಬೇಕು.